ಅರ್ಧ ಪರ್ಸೆಂಟ್ ಬಡ್ಡಿಗೆ ಆಸೆಪಟ್ಟು ಅಜ್ಜಿಯ ಪಿಂಚಣಿ ನಿಲ್ಲಿಸಿದ ಕಥೆ

ಹೋದ ಸಂಚಿಕೆ ಕೇಳಿದ ಮೇಲೆ ಒಬ್ಬರು ಮೆಸೇಜ್ ಮಾಡಿದ್ರು. ‘ನಮ್ಮ ಅಮ್ಮನಿಗೆ ಸಂಧ್ಯಾ ಸುರಕ್ಷಾ ಬರ್ತಾ ಇತ್ತು, ಮೂರು ತಿಂಗಳಿಂದ ನಿಂತಿದೆ, ಆಧಾರ್ ಲಿಂಕ್ ಎಲ್ಲ ಸರಿ ಇದೆ, ಯಾಕೆ ಅಂತ ಗೊತ್ತಾಗ್ತಿಲ್ಲ’ ಅಂತ. ಅದಕ್ಕೆ ಉತ್ತರ ಟೈಪ್ ಮಾಡೋಕೆ ಕೂತೆ. ಅರ್ಧ ಗಂಟೆ ಆದ್ರೂ ಮುಗೀಲಿಲ್ಲ. ಯಾಕಂದ್ರೆ ಉತ್ತರ ನಮ್ಮ ಮನೆಯಲ್ಲೇ ಇದೆ. ನಮ್ಮ ಅಜ್ಜಿಯ ಪಿಂಚಣಿ ನಿಲ್ಲೋದಕ್ಕೆ ಕಾರಣ ನಾನೇ. ಬಿ.ಕಾಂ. ಓದಿದವನು, ಬಡ್ಡಿ ಲೆಕ್ಕ ಬಾಯಲ್ಲೇ ಮಾಡೋನು. ಹಾಗಾಗಿ ಇವತ್ತಿನ ಸಂಚಿಕೆ ಪೂರ್ತಿ ಇದೇ.

ಮೊದಲು ಅಜ್ಜಿಯ ಪರಿಚಯ. ಅಮ್ಮನ ಅಮ್ಮ. ದಾವಣಗೆರೆಯಿಂದ ಒಂದು ಗಂಟೆ ಬಸ್ ದಾರಿಯ ಹಳ್ಳಿ. ತಾತ ತೀರಿಕೊಂಡು ಹದಿನೈದು ವರ್ಷದ ಮೇಲಾಯ್ತು. ಮಾವನ ಮನೆ ಪಕ್ಕದಲ್ಲೇ ಇದ್ರೂ ಅಜ್ಜಿ ತನ್ನ ಹಳೇ ಮನೆ ಬಿಟ್ಟು ಬಂದಿಲ್ಲ, ಒಲೆ ಬೇರೆ. ತಾತ ಇದ್ದಾಗ ಇಬ್ಬರೂ ತಮ್ಮ ತುಂಡು ಹೊಲ ಮಾಡಿಕೊಂಡು, ಉಳಿದ ದಿನ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗ್ತಿದ್ರು. ಈಗ ಅಜ್ಜಿಗೆ ಎಪ್ಪತ್ತು ದಾಟಿದೆ. ಆ ಹೊಲವನ್ನ ಗುತ್ತಿಗೆಗೆ ಕೊಟ್ಟಿದ್ದಾಳೆ. ವರ್ಷಕ್ಕೆ 12,000 ರೂಪಾಯಿ ಬರುತ್ತೆ. ಹೂಬತ್ತಿ ಹೊಸೆದು ಊರಿನ ಅಂಗಡಿಗೆ, ದೇವಸ್ಥಾನಕ್ಕೆ ಕೊಡ್ತಾಳೆ, ಅದರಿಂದ ತಿಂಗಳಿಗೆ ಒಂದು 600. ಅಂದ್ರೆ ವರ್ಷಕ್ಕೆ 7,200. ಎರಡೂ ಸೇರಿ 19,200. ಇದರ ಜೊತೆಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200. ಅದು ಅವಳ ಬಿಪಿ ಮಾತ್ರೆ, ಎಲೆ ಅಡಿಕೆ, ಕರೆಂಟ್ ಬಿಲ್ಲು, ಮೊಮ್ಮಕ್ಕಳ ಕೈಗೆ ಇಡೋ ಹತ್ತಿಪ್ಪತ್ತು.

ಸಂಧ್ಯಾ ಸುರಕ್ಷಾ ಅನ್ನೋದು ನಮ್ಮ ರಾಜ್ಯ ಸರ್ಕಾರದ ಯೋಜನೆ, 2007ರಲ್ಲಿ ಶುರುವಾಗಿದ್ದು. 65 ವರ್ಷ ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದವರು, ಇಂಥವರಿಗೆ. 2021ರಲ್ಲಿ 1,000 ಇದ್ದದ್ದನ್ನ 1,200 ಮಾಡಿದ್ರು. ನೀವು ತಿಂಗಳು ತಿಂಗಳು ದುಡ್ಡು ಕಟ್ಟಿ ಕೊನೆಗೆ ವಾಪಸ್ ತಗೊಳ್ಳೋ ಪಿಂಚಣಿ ಅಲ್ಲ ಇದು. ಬೇರೆ ಆಸರೆ ಇಲ್ಲದವರಿಗೆ ಸರ್ಕಾರ ಕೊಡೋ ನೆರವು. ಹಾಗಾಗಿ ‘ಬೇರೆ ಆಸರೆ ಇದೆಯಾ’ ಅಂತ ಸರ್ಕಾರ ನೋಡುತ್ತೆ. ನೋಡೋದು ಮುಖ್ಯವಾಗಿ ಮೂರು ಕಡೆಯಿಂದ. ವರ್ಷದ ಆದಾಯ ಎಷ್ಟು, ಬ್ಯಾಂಕಲ್ಲಿ ಠೇವಣಿ ಎಷ್ಟು, ಬೇರೆ ಯಾವುದಾದ್ರೂ ಪಿಂಚಣಿ ಬರುತ್ತಾ. ಆದಾಯಕ್ಕೂ ಠೇವಣಿಗೂ ಗಂಡ ಹೆಂಡತಿ ಇಬ್ಬರದೂ ಸೇರಿಸಿ ನೋಡ್ತಾರೆ.

ಆದಾಯದ ಮಿತಿ ಮೊದಲು 20,000 ಇತ್ತು, ಆಮೇಲೆ 32,000 ಆಯ್ತು. ಠೇವಣಿ ಮಿತಿ 10,000. ಹೌದು, ಹತ್ತು ಸಾವಿರ. ಒಂದು ಸೊನ್ನೆ ಬಿಟ್ಟು ಹೇಳ್ತಿಲ್ಲ.

ಈಗ ನನ್ನ ಘನಕಾರ್ಯಕ್ಕೆ ಬರ್ತೀನಿ.

2022ರ ಕೊನೆಯಲ್ಲಿ ನಾನು ಕೆಲಸ ಮಾಡ್ತಿದ್ದ ಕಡೆ ಸ್ವಲ್ಪ ದುಡ್ಡು ಒಟ್ಟಿಗೆ ಬಂತು, ಮೊದಲೇ ಉಳಿಸಿದ್ದು ಸೇರಿ ಕೈಯಲ್ಲಿ 2 ಲಕ್ಷ ಆಯ್ತು. ಎಫ್‌ಡಿ ಇಡೋಣ ಅಂದ್ಕೊಂಡೆ. ಬ್ಯಾಂಕಲ್ಲಿ ಕೇಳಿದ್ರೆ ನನಗೆ ಆರೂವರೆ ಪರ್ಸೆಂಟ್, ಹಿರಿಯ ನಾಗರಿಕರಿಗೆ ಏಳು. ಅರ್ಧ ಪರ್ಸೆಂಟ್ ಜಾಸ್ತಿ. ಕಾಮರ್ಸ್ ಓದಿದ ತಲೆ, ತಕ್ಷಣ ಓಡ್ತು. ಅಜ್ಜಿ ಹೆಸರಲ್ಲಿ ಇಟ್ಟರೆ? 2 ಲಕ್ಷಕ್ಕೆ ಅರ್ಧ ಪರ್ಸೆಂಟ್ ಅಂದ್ರೆ ವರ್ಷಕ್ಕೆ 1,000 ರೂಪಾಯಿ ಲಾಭ. ಅದೂ ಅಲ್ದೆ ಬಡ್ಡಿ ಅವಳ ಹೆಸರಲ್ಲಿ ಬಂದ್ರೆ ಅವಳಿಗೆ ಟ್ಯಾಕ್ಸ್ ಇಲ್ಲ. ಅಜ್ಜಿಗೂ ಖುಷಿ. ‘ನನ್ನ ಹೆಸರಲ್ಲಿ ಎರಡು ಲಕ್ಷ ಐತೆ’ ಅಂತ ಹೇಳ್ಕೊಳ್ಳೋದೇ ಒಂದು ಸುಖ ಅಲ್ವಾ. ಬಡ್ಡಿ ಮೂರು ತಿಂಗಳಿಗೊಮ್ಮೆ ಅವಳ ಉಳಿತಾಯ ಖಾತೆಗೆ ಬರೋ ಹಾಗೆ ಬರೆದುಕೊಟ್ಟೆ. ಪಿಂಚಣಿ ಬರ್ತಿದ್ದ ಅದೇ ಖಾತೆಗೆ.

ಇದು ನಾನೊಬ್ಬನೇ ಮಾಡೋ ಕೆಲಸ ಅಲ್ಲ. ನನ್ನ ಗೆಳೆಯರಲ್ಲಿ ಕೇಳಿ ನೋಡಿದ್ದೀನಿ, ಐದು ಜನರಲ್ಲಿ ಇಬ್ಬರು ಅಪ್ಪ ಅಮ್ಮನ ಹೆಸರಲ್ಲಿ ಎಫ್‌ಡಿ ಇಟ್ಟಿದ್ದಾರೆ. ಬ್ಯಾಂಕಿನವರೇ ಸಲಹೆ ಕೊಡ್ತಾರೆ, ‘ಫಾದರ್ ಮದರ್ ಇದ್ದಾರಾ ಸರ್’ ಅಂತ. ಅಪ್ಪ ಅಮ್ಮನಿಗೆ ಸ್ವಂತ ಆದಾಯ ಚೆನ್ನಾಗಿದ್ರೆ ತೊಂದರೆ ಇಲ್ಲ. ಅವರು ನೆರವಿನ ಪಿಂಚಣಿ ತಗೊಳ್ಳೋರಾಗಿದ್ರೆ ಮಾತ್ರ ಕಥೆ ಬೇರೆ.

ಒಂದು ವರ್ಷ ಏನೂ ಆಗಲಿಲ್ಲ. 2024ರ ಶುರುವಿನಲ್ಲಿ ಪಿಂಚಣಿದಾರರ ಪರಿಶೀಲನೆಗೆ ಊರಿಗೆ ಬಂದ್ರು. ಅಜ್ಜಿ ತನ್ನ ಟ್ರಂಕಿನಿಂದ ಪಾಸ್‌ಬುಕ್ ತೆಗೆದುಕೊಟ್ಟಿದ್ದಾಳೆ. ಮುಚ್ಚಿಡೋದೇನಿದೆ, ಅವಳಿಗೆ ಗೊತ್ತಿರೋದು ‘ಪಿಂಚಣಿ ಪುಸ್ತಕ’ ಅಂತ ಅಷ್ಟೇ. ಅದರಲ್ಲಿ ಪ್ರತಿ ತಿಂಗಳು 1,200 ಜಮಾ, ಮೂರು ತಿಂಗಳಿಗೊಮ್ಮೆ 3,500 ಜಮಾ. ‘ಇದೇನಜ್ಜಿ?’ ಅಂತ ಕೇಳಿದ್ದಾರೆ. ‘ಅದು ನಮ್ಮ ಮೊಮ್ಮಗ ಇಟ್ಟಿರೋ ರೊಕ್ಕದ ಬಡ್ಡಿ ಕಣಪ್ಪ’ ಅಂದಿದ್ದಾಳೆ, ಹೆಮ್ಮೆಯಿಂದ. ಎರಡು ತಿಂಗಳಿಗೆ ಪಿಂಚಣಿ ನಿಂತಿತು.

ನಾವು ಮೊದಲು ಮಾಡಿದ ತಪ್ಪು ಏನು ಗೊತ್ತಾ? ತಾಂತ್ರಿಕ ತೊಂದರೆ ಅಂದ್ಕೊಂಡಿದ್ದು. ಪಿಂಚಣಿ ನಿಂತ್ರೆ ಎಲ್ಲರೂ ಮೊದಲು ಅಂದ್ಕೊಳ್ಳೋದು ಅದೇ. ಆಧಾರ್ ಜೋಡಣೆ ತಪ್ಪಿರಬೇಕು, ಖಾತೆ ನಿಷ್ಕ್ರಿಯ ಆಗಿರಬೇಕು, ಬ್ಯಾಂಕ್ ವಿಲೀನ ಆಗಿರಬೇಕು. ಮಾವ ಬ್ಯಾಂಕಿಗೆ ಎರಡು ಸಲ ಓಡಾಡಿದ. ಬ್ಯಾಂಕಿನಲ್ಲಿ ಎಲ್ಲ ಸರಿ ಇದೆ ಅಂದ್ರು. ಆದ್ರೆ ಈ ಎರಡು ಥರದ ‘ನಿಲ್ಲೋದು’ ಬೇರೆ ಬೇರೆ. ಅದನ್ನ ಗುರುತಿಸೋದು ಕಷ್ಟ ಇಲ್ಲ. ದುಡ್ಡು ಸರ್ಕಾರದ ಕಡೆಯಿಂದ ಹೊರಟು ಖಾತೆಗೆ ಸೇರದೆ ವಾಪಸ್ ಹೋಗಿದ್ರೆ ಅದು ಬ್ಯಾಂಕ್ ಅಥವಾ ಆಧಾರ್ ತೊಂದರೆ. ಸರ್ಕಾರದ ಕಡೆಯಿಂದ ಹೊರಟೇ ಇಲ್ಲ ಅಂದ್ರೆ ಮಂಜೂರಾತಿಯನ್ನೇ ತಡೆದಿದ್ದಾರೆ ಅಂತ ಅರ್ಥ. ಬ್ಯಾಂಕಿನವರು ‘ಖಾತೆ ಸರಿ ಇದೆ, ದುಡ್ಡೇ ಬಂದಿಲ್ಲ’ ಅಂದಮೇಲೆ ಅಲ್ಲಿ ಇನ್ನೊಂದು ಸಲ ಹೋಗಿ ಪ್ರಯೋಜನ ಇಲ್ಲ. ಮಂಜೂರಾತಿ ಆದೇಶದ ಪ್ರತಿ ಹಿಡ್ಕೊಂಡು ನಾಡಕಚೇರಿಗೋ ತಾಲ್ಲೂಕು ಕಚೇರಿಯ ಪಿಂಚಣಿ ವಿಭಾಗಕ್ಕೋ ಹೋಗಬೇಕು. ಮೆಸೇಜ್ ಮಾಡಿದವರೇ, ನಿಮ್ಮ ಅಮ್ಮನ ವಿಷಯದಲ್ಲೂ ಮೊದಲು ಇದನ್ನ ಮಾಡಿ. ಕಾರಣ ಏನು ಅಂತ ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದ್ರೆ ‘ಮೇಲಿಂದ ನಿಂತಿದೆ’ ಅನ್ನೋ ಉತ್ತರ ಸಿಗುತ್ತೆ, ಅದರಿಂದ ಏನೂ ತಿಳಿಯಲ್ಲ.

ನಮಗೆ ಸಿಕ್ಕ ಉತ್ತರ, ‘ಆದಾಯ ಮತ್ತು ಠೇವಣಿ ಮಿತಿ ಮೀರಿದೆ’. ಎರಡೂ. ನನಗೆ ಠೇವಣಿ ವಿಷಯ ಅರ್ಥ ಆಯ್ತು. ಆದಾಯ ಹೇಗೆ ಮೀರಿತು? ಅಜ್ಜಿಯ 19,200 ಎಲ್ಲಿ, 32,000 ಎಲ್ಲಿ?

ಕಾಗದ ತಗೊಂಡು ಕೂತೆ. 2 ಲಕ್ಷಕ್ಕೆ ಏಳು ಪರ್ಸೆಂಟ್, ವರ್ಷಕ್ಕೆ 14,000 ಬಡ್ಡಿ. 19,200ಕ್ಕೆ 14,000 ಸೇರಿಸಿದ್ರೆ 33,200. ಮಿತಿಗಿಂತ 1,200 ಜಾಸ್ತಿ. ಸರಿಯಾಗಿ ಒಂದು ತಿಂಗಳ ಪಿಂಚಣಿಯಷ್ಟು. ನಗು ಬರಬೇಕೋ ಅಳು ಬರಬೇಕೋ ಗೊತ್ತಾಗಲಿಲ್ಲ.

ಇಲ್ಲೇ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಜನ ಎಡವೋದು ಇಲ್ಲೇ. ಒಂದೇ ಎಫ್‌ಡಿ ಎರಡು ಕಡೆ ಹೊಡೆಯುತ್ತೆ. ಅಸಲು ಠೇವಣಿ ಅಂತ ಲೆಕ್ಕಕ್ಕೆ ಬರುತ್ತೆ, ಅದರ ಬಡ್ಡಿ ಆದಾಯ ಅಂತ ಲೆಕ್ಕಕ್ಕೆ ಬರುತ್ತೆ. ‘ಆ ದುಡ್ಡು ಅಜ್ಜಿದಲ್ಲ, ನನ್ನದು’ ಅಂತ ವಾದ ಮಾಡಿದೆ ನಾನು. ಎದುರಿಗಿದ್ದ ಅಧಿಕಾರಿ ಸಮಾಧಾನದಿಂದಲೇ ಕೇಳಿದ್ರು, ‘ರಸೀದಿ ಮೇಲೆ ಯಾರ ಹೆಸರಿದೆ?’ ಅದಕ್ಕೆ ಉತ್ತರ ಇಲ್ಲ. ನಿಜ ಹೇಳಬೇಕಂದ್ರೆ ಅವರು ಹೇಳಿದ್ದೇ ಸರಿ. ತೆರಿಗೆ ವಿಷಯದಲ್ಲಿ ನಾನು ಅದು ಅಜ್ಜಿಯ ದುಡ್ಡು ಅಂತ ಲಾಭ ತಗೊಂಡಿದ್ದೆ. ಬಡ್ಡಿಯನ್ನ ನನ್ನ ಆದಾಯಕ್ಕೆ ಸೇರಿಸಿರಲಿಲ್ಲ. ಹೆಂಡತಿಗೋ ಚಿಕ್ಕ ಮಕ್ಕಳಿಗೋ ದುಡ್ಡು ಕೊಟ್ಟರೆ ಅದರ ಬಡ್ಡಿ ಕೊಟ್ಟವನ ಆದಾಯಕ್ಕೇ ಸೇರುತ್ತೆ, ಅಜ್ಜಿಗೆ ಕೊಟ್ಟರೆ ಹಾಗಲ್ಲ, ಕೊಟ್ಟಮೇಲೆ ಅದು ಅವಳದ್ದೇ. ಟ್ಯಾಕ್ಸ್‌ನವರ ಮುಂದೆ ಅಜ್ಜಿಯ ದುಡ್ಡು, ಪಿಂಚಣಿಯವರ ಮುಂದೆ ನನ್ನ ದುಡ್ಡು, ಹಾಗೆ ಎರಡು ದೋಣಿಗೆ ಕಾಲಿಡೋಕಾಗಲ್ಲ.

ಈಗ ಈ ಮಿತಿಗಳ ಗುಣ ಏನು ಅಂತ ನೋಡೋಣ. ಇದು ಇಳಿಜಾರಲ್ಲ, ಕೊರಕಲು. 32,000 ರೂಪಾಯಿ ಆದಾಯದವರೆಗೂ ಪೂರ್ತಿ ಪಿಂಚಣಿ, ವರ್ಷಕ್ಕೆ 14,400. ಅದರ ಮೇಲೆ ಒಂದು ರೂಪಾಯಿ ಬಂದ್ರೆ ಸೊನ್ನೆ. ಅಂದ್ರೆ 32,000 ದುಡಿಯೋ ಅಜ್ಜಿಯ ಕೈಯಲ್ಲಿ ವರ್ಷಕ್ಕೆ ಒಟ್ಟು 46,400 ಇರುತ್ತೆ. 33,000 ದುಡಿಯೋ ಅಜ್ಜಿಯ ಕೈಯಲ್ಲಿ ಬರೀ 33,000. ಜಾಸ್ತಿ ದುಡಿದವಳು ಬಡವಿ. ಇನ್ನೊಂದು ರೀತಿ ನೋಡಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ಕೂಲಿಯಲ್ಲಿ 87 ದಿನ ಕೆಲಸ ಮಾಡಿದ್ರೆ 32,190. ವರ್ಷಕ್ಕೆ ಮೂರು ತಿಂಗಳೂ ತುಂಬದಷ್ಟು ಕೂಲಿ, ಅಷ್ಟಕ್ಕೇ ಮಿತಿ ದಾಟಿ ಹೋಯ್ತು. ಇದನ್ನ ಬರೆಯೋವಾಗ ನನಗೆ ಅನ್ನಿಸಿದ್ದು, ಕಾಗದದ ಮೇಲೆ ಎಲ್ಲರ ಆದಾಯ ಯಾಕೆ 11,000, 12,000 ಅಂತಲೇ ಇರುತ್ತೆ ಅಂತ. ಆದಾಯ ಪ್ರಮಾಣಪತ್ರ ನೋಡಿದವರಿಗೆ ಗೊತ್ತು ನಾನು ಏನು ಹೇಳ್ತಿದ್ದೀನಿ ಅಂತ. ನಿಜ ಹೇಳಿದ್ರೆ ಯಾರಿಗೂ ಸಿಗದ ಮಿತಿ ಇಟ್ಟರೆ, ಜನರೂ ಅಧಿಕಾರಿಗಳೂ ಸೇರಿ ಒಂದು ಅಂಕಿ ಒಪ್ಪಿಕೊಂಡುಬಿಡ್ತಾರೆ. ಕೂಲಿಗೆ ರಸೀದಿ ಇಲ್ಲ, ಹೂಬತ್ತಿಗೆ ರಸೀದಿ ಇಲ್ಲ. ಬ್ಯಾಂಕ್ ಬಡ್ಡಿಗೆ ಮಾತ್ರ ಅಚ್ಚಾದ ಸಾಲು ಇರುತ್ತೆ. ಹಾಗಾಗಿ ಸಿಕ್ಕಿಬೀಳೋರು ಬ್ಯಾಂಕಲ್ಲಿ ಇಟ್ಟವರೇ.

ಠೇವಣಿ ಮಿತಿ ಇದಕ್ಕಿಂತ ವಿಚಿತ್ರ. ನಮ್ಮ ಅಜ್ಜಿಯ ಪಕ್ಕದ ಮನೆಯಲ್ಲಿ ಇನ್ನೊಬ್ಬರು ದೊಡ್ಡವ್ವ ಇದ್ದಾರೆ. ಎಮ್ಮೆ ಮಾರಿದ ದುಡ್ಡು 40,000 ಎಫ್‌ಡಿ ಇಟ್ಟಿದ್ದಾರೆ. ಯಾಕೆ ಅಂತ ಕೇಳಿದ್ರೆ, ‘ನನ್ನ ಮಣ್ಣಿಗೆ, ತಿಥಿಗೆ. ಮಕ್ಕಳು ಆಗ ಸಾಲಕ್ಕೆ ಓಡಾಡಬಾರದು’ ಅಂತಾರೆ. ಅವರ ಆದಾಯ ಬಹಳ ಕಡಿಮೆ, ಆದಾಯದ ಮಿತಿ ದಾಟೋ ಪ್ರಶ್ನೆಯೇ ಇಲ್ಲ. ಆದ್ರೆ ಠೇವಣಿ 10,000 ದಾಟಿದೆ. ಅವರು ಅರ್ಜಿ ಹಾಕೋಕೆ ಹೋದ್ರೆ ಲೆಕ್ಕ ಹೀಗೆ. ಮಿತಿಗಿಂತ ಮೇಲಿರೋ 30,000ಕ್ಕೆ ಏಳು ಪರ್ಸೆಂಟ್‌ನಲ್ಲಿ ವರ್ಷಕ್ಕೆ 2,100 ಬಡ್ಡಿ ಬರುತ್ತೆ. ಆ 30,000 ಇರೋದರಿಂದ ಕೈತಪ್ಪೋ ಪಿಂಚಣಿ ವರ್ಷಕ್ಕೆ 14,400. ಆ 30,000ವನ್ನ ಇವತ್ತೇ ಖರ್ಚು ಮಾಡಿ, ಸೂರು ರಿಪೇರಿ ಮಾಡಿಸಿಕೊಂಡೋ ಕಣ್ಣಿನ ಆಪರೇಷನ್ ಮಾಡಿಸಿಕೊಂಡೋ, ಆಮೇಲೆ ಪಿಂಚಣಿ ಮಂಜೂರಾದ್ರೆ, 25 ತಿಂಗಳ ಪಿಂಚಣಿಯಲ್ಲಿ ಅಷ್ಟೂ ದುಡ್ಡು ವಾಪಸ್ ಬಂದಿರುತ್ತೆ. ಉಳಿಸೋದಕ್ಕಿಂತ ಖರ್ಚು ಮಾಡೋದೇ ಲಾಭ ಅಂತ ನಿಯಮವೇ ಹೇಳಿಕೊಡುತ್ತೆ.

ಇನ್ನೂ ಒಂದು. ನಿಯಮ ಬ್ಯಾಂಕ್ ಠೇವಣಿಯ ಬಗ್ಗೆ ಮಾತಾಡುತ್ತೆ. ಅದೇ 40,000ಕ್ಕೆ ದೊಡ್ಡವ್ವ ಒಂದು ಜೊತೆ ಬೆಂಡೋಲೆ ತಗೊಂಡು ಕಿವಿಗೆ ಹಾಕ್ಕೊಂಡಿದ್ರೆ ಠೇವಣಿ ಅನ್ನೋ ಪ್ರಶ್ನೆಯೇ ಬರಲ್ಲ. ಇಪ್ಪತ್ತು ವರ್ಷದಿಂದ ನಾವೆಲ್ಲ ಹಳ್ಳಿ ಜನಕ್ಕೆ ‘ಬ್ಯಾಂಕಲ್ಲಿ ಇಡಿ, ಡಬ್ಬಿಯಲ್ಲಿ ಇಡಬೇಡಿ’ ಅಂತ ಹೇಳ್ಕೊಂಡು ಬಂದಿದ್ದೀವಿ. ಇಟ್ಟವರಿಗೆ ಸಿಕ್ಕಿದ್ದು ಇದು.

ಠೇವಣಿ ಅನ್ನೋ ಪದದ ಬಗ್ಗೆಯೂ ಒಂದು ಮಾತು. ನಮ್ಮ ಜನ ಠೇವಣಿ ಅಂದ್ರೆ ಎಫ್‌ಡಿ ಅಂದ್ಕೊಳ್ತಾರೆ. ನಮ್ಮ ಬಿ.ಕಾಂ. ಪುಸ್ತಕದ ಪ್ರಕಾರ ಉಳಿತಾಯ ಖಾತೆಯಲ್ಲಿರೋ ದುಡ್ಡೂ ಠೇವಣಿಯೇ, ಕೇಳಿದಾಗ ಕೊಡಬೇಕಾದ ಠೇವಣಿ. ಪಾಸ್‌ಬುಕ್ ನೋಡೋ ಕಣ್ಣಿಗೆ ಮೊದಲು ಬೀಳೋದು ಬಾಕಿ ಎಷ್ಟಿದೆ ಅನ್ನೋದೇ. ಇದು ಯಾಕೆ ಮುಖ್ಯ ಅಂದ್ರೆ ಗೃಹಲಕ್ಷ್ಮಿ. ಗೃಹಲಕ್ಷ್ಮಿ ಬಂದ ಮಾತ್ರಕ್ಕೆ ಪಿಂಚಣಿ ನಿಲ್ಲಲ್ಲ, ಎರಡನ್ನೂ ತಗೊಳ್ಳೋ ಅಜ್ಜಿಯರು ಊರೂರಲ್ಲಿ ಇದ್ದಾರೆ. ಆದ್ರೆ ತಿಂಗಳಿಗೆ 2,000ದಂತೆ ಬಂದದ್ದನ್ನ ಮುಟ್ಟದೆ ಐದು ತಿಂಗಳು ಬಿಟ್ಟರೆ 10,000. ಆರನೇ ತಿಂಗಳು ಮಿತಿ ದಾಟಿತು. ಒಂದು ಯೋಜನೆಯ ದುಡ್ಡನ್ನ ಖರ್ಚು ಮಾಡದೆ ಕೂಡಿಟ್ಟಿದ್ದಕ್ಕೆ ಇನ್ನೊಂದು ಯೋಜನೆಯಲ್ಲಿ ‘ಇವರಿಗೆ ಆಸರೆ ಇದೆ’ ಅಂತ ಕಾಣೋ ಪರಿಸ್ಥಿತಿ.

ಮೂರನೇದು, ಬೇರೆ ಪಿಂಚಣಿ. ಇದನ್ನ ಬೇಗ ಹೇಳಿಬಿಡ್ತೀನಿ. ದಾವಣಗೆರೆ ಅಂದ್ರೆ ಹತ್ತಿ ಮಿಲ್ಲುಗಳ ಊರು ಅಲ್ವಾ. ಆ ಮಿಲ್ಲುಗಳಲ್ಲಿ ದುಡಿದು ಪಿ.ಎಫ್. ಪಿಂಚಣಿ ತಗೊಳ್ಳೋ ಹಿರಿಯರು ಇವತ್ತಿಗೂ ಇದ್ದಾರೆ. ಆ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ಎಷ್ಟೋ ಜನಕ್ಕೆ ಬರೋದು ಅಷ್ಟೇ. ಬೇರೆ ಪಿಂಚಣಿ ಇದ್ದವರಿಗೆ ಸಂಧ್ಯಾ ಸುರಕ್ಷಾ ಇಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಮಿಲ್ಲಿನಲ್ಲಿ ದುಡಿದು 1,000 ಸಂಪಾದಿಸಿದವನು, ಏನೂ ಕಟ್ಟದೆ 1,200 ತಗೊಳ್ಳೋ ಪಕ್ಕದ ಮನೆಯವನಿಗಿಂತ 200 ಹಿಂದೆ. ಅದೂ ಸಾಲದು ಅಂತ ಅವನ ಆ 12,000 ಹೆಂಡತಿಯ ಅರ್ಜಿಯಲ್ಲಿ ಜಂಟಿ ಆದಾಯಕ್ಕೆ ಸೇರುತ್ತೆ. ವ್ಯತ್ಯಾಸದ 200 ಕೊಟ್ಟು ಸಮ ಮಾಡೋ ಏರ್ಪಾಡು ಇಲ್ಲ. ವಿಧವಾ ವೇತನ ತಗೊಳ್ಳೋರಿಗೂ ಇದೇ, ಎರಡರಲ್ಲಿ ಒಂದು ಮಾತ್ರ.

‘ಹಾಗಾದ್ರೆ ಮಿತಿಯೇ ಬೇಡ್ವಾ?’ ಅಂತ ನೀವು ಕೇಳಬಹುದು. ನನಗೆ ಹಾಗನ್ನಿಸಲ್ಲ. ಇರೋ ದುಡ್ಡು ಇಲ್ಲದವರಿಗೆ ಹೋಗಲಿ ಅನ್ನೋದು ನ್ಯಾಯವೇ. ನನ್ನ 2 ಲಕ್ಷ ನಿಜಕ್ಕೂ ಅಜ್ಜಿಯದೇ ಆಗಿದ್ರೆ, ಅವಳಿಗಿಂತ ಕಷ್ಟದಲ್ಲಿರೋರು ಅದೇ ಬೀದಿಯಲ್ಲಿ ಇದ್ದಾರೆ. ಪ್ರಶ್ನೆ ಇರೋದು ಮಿತಿ ಹೇಗೆ ಕಟ್ಟಿದ್ದಾರೆ ಅನ್ನೋದರಲ್ಲಿ. ಬೇರೆ ದೇಶದವರು ಏನು ಮಾಡ್ತಾರೆ ನೋಡಿ.

ಬ್ರಿಟನ್‌ನಲ್ಲಿ ಕಡಿಮೆ ಆದಾಯದ ವೃದ್ಧರಿಗೆ ಪೆನ್ಷನ್ ಕ್ರೆಡಿಟ್ ಅಂತ ಇದೆ. ಅಲ್ಲೂ ಉಳಿತಾಯ ನೋಡ್ತಾರೆ. ಮೊದಲ 10,000 ಪೌಂಡ್ ಲೆಕ್ಕಕ್ಕೇ ಇಲ್ಲ. ಅದರ ಮೇಲಿನ ಪ್ರತಿ 500 ಪೌಂಡಿಗೆ ವಾರಕ್ಕೆ ಒಂದು ಪೌಂಡ್ ಆದಾಯ ಬರ್ತಿದೆ ಅಂತ ಭಾವಿಸಿ, ನೆರವಿನಲ್ಲಿ ಅಷ್ಟು ಕಡಿಮೆ ಮಾಡ್ತಾರೆ. ನಿಜವಾದ ಬಡ್ಡಿಯನ್ನ ಮತ್ತೆ ಬೇರೆಯಾಗಿ ಸೇರಿಸಲ್ಲ. ಸಂಖ್ಯೆ ನಮ್ಮದೇ 10,000 ಆಗಿರೋದರಿಂದ ಆಟಕ್ಕೆ ಆ ಲೆಕ್ಕವನ್ನ ನಮ್ಮ ದೊಡ್ಡವ್ವನಿಗೆ ಹಾಕಿ ನೋಡಿದೆ, ಪೌಂಡ್ ಬದಲು ರೂಪಾಯಿ ಇಟ್ಟು. ಮಿತಿಯ ಮೇಲೆ 30,000, ಅಂದ್ರೆ 500ರ ಅರವತ್ತು ಭಾಗ. ವಾರಕ್ಕೆ 60 ರೂಪಾಯಿ, ವರ್ಷಕ್ಕೆ 3,120, ತಿಂಗಳಿಗೆ 260. 1,200ರಲ್ಲಿ 260 ಕಳೆದ್ರೆ 940 ರೂಪಾಯಿ ಪಿಂಚಣಿ ಬರುತ್ತೆ. ದೊಡ್ಡವ್ವನ ತಿಥಿ ದುಡ್ಡೂ ಉಳೀತು, ಮಾತ್ರೆಗೂ ಆಯ್ತು. ಬ್ರಿಟನ್ ಲೆಕ್ಕ ಏನೂ ಉದಾರ ಅಲ್ಲ ಮತ್ತೆ. 30,000ಕ್ಕೆ 3,120 ಅಂದ್ರೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಬಡ್ಡಿ ಬರುತ್ತೆ ಅಂತ ಅವರೇ ಅಂದ್ಕೊಂಡ ಹಾಗೆ, ಅಷ್ಟು ಬಡ್ಡಿ ಯಾವ ಬ್ಯಾಂಕ್ ಕೊಡುತ್ತೆ. ಆದ್ರೂ ಅದು ಇಳಿಜಾರು. ಕಾಲು ಜಾರಿದ್ರೆ ನಾಲ್ಕು ಹೆಜ್ಜೆ ಕೆಳಗೆ, ಅಷ್ಟೇ.

ಕೊರಕಲು ಇರೋರಲ್ಲಿ ನಾವೊಬ್ಬರೇ ಅಲ್ಲ. ಅಮೆರಿಕದಲ್ಲಿ ಎಸ್‌ಎಸ್‌ಐ ಅಂತ ಒಂದು ನೆರವಿದೆ, 65 ದಾಟಿದ ಬಡವರಿಗೆ, ಅಂಗವಿಕಲರಿಗೆ. ಒಬ್ಬರ ಬಳಿ 2,000 ಡಾಲರ್‌ಗಿಂತ ಹೆಚ್ಚು ಆಸ್ತಿ ಇದ್ರೆ ಇಲ್ಲ. ಆ 2,000 ನಿಗದಿ ಆಗಿದ್ದು 1989ರಲ್ಲಿ, ಆಮೇಲೆ ಬೆಲೆ ಎಲ್ಲಿಗೆ ಹೋದ್ರೂ ಅದು ಅಲ್ಲೇ ಕೂತಿದೆ. ನಮ್ಮ 10,000ದ ಅಣ್ಣ ಅನ್ನಿ. ಆದ್ರೆ ಅವರು ಒಂದು ವಿಷಯ ಯೋಚನೆ ಮಾಡಿದ್ದಾರೆ. ತನ್ನ ಅಂತ್ಯಕ್ರಿಯೆಗೆ ಅಂತ ಬೇರೆಯಾಗಿ ಎತ್ತಿಟ್ಟ ದುಡ್ಡು 1,500 ಡಾಲರ್‌ವರೆಗೆ ಆ ಮಿತಿಗೆ ಸೇರಲ್ಲ. ಅದನ್ನ ಓದಿದಾಗ ನನಗೆ ನೆನಪಾಗಿದ್ದು ಪಕ್ಕದ ಮನೆ ದೊಡ್ಡವ್ವ. ಅಂಥ ಒಂದು ಸಾಲು ನಮ್ಮ ನಿಯಮದಲ್ಲಿ ಸೇರಿಸೋಕೆ ಖಜಾನೆಗೆ ದೊಡ್ಡ ಹೊರೆ ಏನಾಗಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಾಂದ್ರೆ ಕನಿಷ್ಠ ಆ 10,000ವನ್ನಾದ್ರೂ ಬದಲಾಯಿಸಲಿ. ಆದಾಯದ ಮಿತಿ 20,000ದಿಂದ 32,000ಕ್ಕೆ ಏರಿತು, ಪಿಂಚಣಿ 1,200 ಆಯ್ತು. ಠೇವಣಿ ಮಿತಿಗೆ ಮಾತ್ರ ವಯಸ್ಸೇ ಆಗಿಲ್ಲ.

ಸರಿ, ನಾವು ಏನು ಮಾಡಿದ್ವಿ. ಊರಲ್ಲಿ ಸಲಹೆಗಳಿಗೇನು ಬರ. ‘ಅಜ್ಜಿಯ ಎಫ್‌ಡಿ ಬೇರೆ ಬ್ಯಾಂಕಿಗೆ ಹಾಕಿ, ಆ ಪಾಸ್‌ಬುಕ್ ತೋರಿಸಬೇಡಿ’ ಅಂದವರು ಒಬ್ಬರು. ಬೇಡ ಅಂದೆ. ಬ್ಯಾಂಕ್ ಯಾವುದಾದ್ರೂ ಆಧಾರ್, ಪ್ಯಾನ್ ಒಂದೇ. ಅಜ್ಜಿ ಅರ್ಜಿಯಲ್ಲಿ ಕೊಡೋದು ಘೋಷಣೆ, ಅದು ಸುಳ್ಳು ಅಂತಾದ್ರೆ ಹೆಬ್ಬೆಟ್ಟು ಅವಳದ್ದು, ನನ್ನದಲ್ಲ. ಈ ವಯಸ್ಸಲ್ಲಿ ಅವಳಿಗೆ ಅದು ಬೇಡ. ಇನ್ನೊಬ್ಬರು ‘ನಿನ್ನ ಹೆಸರನ್ನೂ ಜಂಟಿಯಾಗಿ ಸೇರಿಸು’ ಅಂದ್ರು. ಅದರಿಂದಲೂ ಪ್ರಯೋಜನ ಇಲ್ಲ, ಜಂಟಿ ಖಾತೆಯಲ್ಲೂ ಅವಳ ಹೆಸರು ಇದ್ದೇ ಇರುತ್ತಲ್ಲ.

ಎಫ್‌ಡಿ ಮುರಿಸಿದೆ. ಅವಧಿಗೆ ಮುಂಚೆ ಮುರಿದಿದ್ದಕ್ಕೆ ಬಡ್ಡಿಯಲ್ಲಿ ಒಂದು ಪರ್ಸೆಂಟ್ ಕಡಿತ, ಸುಮಾರು 2,500 ಹೋಯ್ತು. ಅಸಲು ನನ್ನ ಖಾತೆಗೆ ವರ್ಗಾಯಿಸಿ, ನನ್ನ ಹೆಸರಲ್ಲೇ ಆರೂವರೆಗೆ ಇಟ್ಟೆ. ಅಜ್ಜಿಯನ್ನ ನಾಮಿನಿ ಮಾಡಿದೆ. ನಾಮಿನಿ ಆಗಿರೋದು ಠೇವಣಿ ಇದ್ದ ಹಾಗಲ್ಲ. ಮುರಿಸಿದ ಪತ್ರ, ವರ್ಗಾವಣೆ ಆದ ಪಾಸ್‌ಬುಕ್ ಪುಟ, ನಾಡಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರ, ಇವಿಷ್ಟು ಇಟ್ಟುಕೊಂಡು ಮತ್ತೆ ಅರ್ಜಿ. ಆ ಪ್ರಮಾಣಪತ್ರಕ್ಕೆ ವಿಚಾರಣೆಗೆ ಬಂದಾಗ ಅಜ್ಜಿ ಗುತ್ತಿಗೆ ದುಡ್ಡು, ಹೂಬತ್ತಿ ದುಡ್ಡು ಎರಡನ್ನೂ ಹೇಳಿದಳು. 19,200. ಬಂದವರೇ ಒಂದು ಕ್ಷಣ ತಲೆ ಎತ್ತಿ ನೋಡಿದ್ರಂತೆ, ನಿಜ ಹೇಳೋರು ಅಪರೂಪ ಇರಬೇಕು.

ಪಿಂಚಣಿ ಮತ್ತೆ ಶುರುವಾಗೋ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಆ ಏಳು ತಿಂಗಳ 8,400 ವಾಪಸ್ ಬರಲಿಲ್ಲ. ಅರ್ಹತೆ ಇಲ್ಲದ ಅವಧಿ ಅದು, ಕೇಳೋ ಹಾಗೂ ಇಲ್ಲ. 8,400 ಮತ್ತು 2,500, ಒಟ್ಟು 10,900 ನಷ್ಟ. ಅರ್ಧ ಪರ್ಸೆಂಟ್‌ನಿಂದ ನಾನು ಸಂಪಾದಿಸಿದ್ದು ಒಂದು ಕಾಲು ವರ್ಷಕ್ಕೆ 1,250.

ಆ 8,400ವನ್ನ ನಾನು ಅಜ್ಜಿಗೆ ಕೊಡೋಕೆ ಹೋದೆ. ಖಾತೆಗೆ ಹಾಕ್ತೀನಿ ಅಂದೆ. ಅವಳು ಪಾಸ್‌ಬುಕ್ ತೆಗೆದು, ತನ್ನ ಲೆಕ್ಕದಲ್ಲಿ ಎಷ್ಟಿದೆ ಅಂತ ನನ್ನ ಕೈಯಲ್ಲಿ ಓದಿಸಿದಳು. 6,300 ಇತ್ತು.

‘ಅದಕ್ಕೆ ಇದನ್ನ ಹಾಕಿದ್ರೆ ಹತ್ತು ದಾಟ್ತದೋ ಇಲ್ವೋ, ನೀನೇ ಹೇಳು ತಮ್ಮಾ’ ಅಂದಳು.

ದಾಟುತ್ತೆ. ಹಾಗಾಗಿ ಮಾವನ ಜೊತೆ ಹೋಗಿ ಅವಳ ಮನೆ ಹಿಂದಿನ ಬಚ್ಚಲಿಗೆ ಕಲ್ಲು ಹಾಸಿಸಿದ್ವಿ. ಮಳೆಗಾಲದಲ್ಲಿ ಅಲ್ಲೇ ಜಾರ್ತಿದ್ದಳು.

ನಿಮ್ಮ ಮನೆಯ ಹಿರಿಯರ ಹೆಸರಲ್ಲಿ ನಿಮ್ಮ ದುಡ್ಡು ಏನಾದ್ರೂ ಇದ್ರೆ, ಮತ್ತೆ ಅವರಿಗೆ ಸಂಧ್ಯಾ ಸುರಕ್ಷಾ ಬರ್ತಾ ಇದ್ರೆ, ಇವತ್ತು ಸಂಜೆ ಒಂದು ಸಲ ಪಾಸ್‌ಬುಕ್ ತೆಗೆದು ನೋಡಿ. ಮೆಸೇಜ್ ಮಾಡಿದವರು ಕಚೇರಿಯಿಂದ ಏನು ಉತ್ತರ ಬಂತು ಅಂತ ನನಗೆ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಅಲ್ಲಿಂದಲೇ ಶುರು ಮಾಡ್ತೀನಿ.